ಐದು ನಿಮಿಷದ ಮಾತು

(ಪ್ರಾಥಮಿಕ ಶಾಲಾ ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ, ಮಳೆಗಾಲದ ಆರಂಭದಲ್ಲಿ, ನಮ್ಮ ಶಾಲೆಯ ಅಂಗಳದಲ್ಲಿ ತಾಯಂದಿರ ಸಭೆಯೊಂದು ಕೂಡಿತ್ತು. ಊರಿನ ಮಕ್ಕಳಲ್ಲಿ ವಾಂತಿಭೇದಿ ಹಬ್ಬಿದ ಕಾಲವದು. ಭೇದಿಯಾದ ಕೂಸಿಗೆ ಉಪ್ಪು ಸಕ್ಕರೆಯ ನೀರನ್ನು ಮನೆಯಲ್ಲಿಯೇ ಕಲಸಿ ಕುಡಿಸುವ ಬಗೆಯನ್ನು ಐದು ನಿಮಿಷಗಳಲ್ಲಿ ತಿಳಿಸಿಕೊಡಬೇಕೆಂದು ನನಗೆ ಅಪ್ಪಣೆಯಾಗಿತ್ತು. ನಾನು ಪುಸ್ತಕ ನೋಡಿ, ಏಳು ಅಂಶಗಳನ್ನು ಬರೆದುಕೊಂಡು ಹೋಗಿ, ಒಂಬತ್ತು ನಿಮಿಷ ಮಾತಾಡಿದೆನು. ಚಪ್ಪಾಳೆಗಳಾದವು. "ಮಾಸ್ತರರು ಬಹಳ ಚಂದ ಮಾತಾಡಿದರು" ಎಂದು ಹತ್ತು ಜನ ಹೇಳಿದರು. ಸಭೆ ಮುಗಿದು ಜಮಖಾನೆ ಸುತ್ತುವ ಹೊತ್ತಿಗೆ ಮುದುಕಿಯೊಬ್ಬಳು ನನ್ನ ಬಳಿಗೆ ಬಂದು ಮೆಲ್ಲಗೆ ಕೇಳಿದಳು: "ಮಾಸ್ತರ, ಆರು ಚಮಚ ಉಪ್ಪು ಹಾಕಿದ್ರ ಕೂಸು ಕುಡೀತದೇನ್ರಿ?"

ನಾನು ಹೇಳಿದ್ದು ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಆಕೆಯ ಕಿವಿಯಲ್ಲಿ ಉಳಿದದ್ದು ಅದರ ತಲೆಕೆಳಗು. ಉಪ್ಪು ಹೆಚ್ಚಾದ ನೀರು ಭೇದಿಯಾದ ಕೂಸಿಗೆ ಔಷಧವಾಗುವದಿಲ್ಲ. ರಕ್ತದಲ್ಲಿ ಉಪ್ಪೇರಿ, ಮೈ ಸೆಟೆದು, ಜೀವಕ್ಕೇ ಮುಳುವಾಗುವದು. ಆ ತಾಯಿ ಕೇಳದೆ ಮನೆಗೆ ಹೋಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ನನ್ನೆದೆ ನಡುಗುತ್ತದೆ. ತಪ್ಪು ಆಕೆಯದಲ್ಲ, ನನ್ನ ಮಾತಿನ ಕಟ್ಟಡದ್ದು. ಆ ಕಟ್ಟಡವನ್ನು ನಾನು ಹೇಗೆ ಕೆಡವಿ ಮತ್ತೆ ಕಟ್ಟಿದೆನೆಂಬುದನ್ನೇ ಇಂದು ತಮ್ಮ ಮುಂದೆ ಬಿಚ್ಚಿಡುತ್ತೇನೆ. ಐದು ನಿಮಿಷದ ಮಾತನ್ನು ವಿವರಿಸಲು ಅರ್ಧ ಗಂಟೆ ತೆಗೆದುಕೊಳ್ಳುವ ಅಪರಾಧವನ್ನು ತಾವು ಮನ್ನಿಸಬೇಕು.

ಐದು ನಿಮಿಷದ ಮಾತಿಗೆ ಒಂದು ಆರಂಭ, ಮೂರು ಅಂಶ, ಒಂದು ಮುಕ್ತಾಯದ ವಾಕ್ಯವಿರಬೇಕೆಂಬುದು ಎಲ್ಲರೂ ಕೇಳಿದ ಸಂಗತಿ. ಆದರೆ ಈ ಕಟ್ಟು ಮಾತಾಡುವವನ ಅಂದಕ್ಕಾಗಿ ಇದೆಯೆಂದು ನಾವು ಭಾವಿಸುತ್ತೇವೆ. ಅದು ಹಾಗಲ್ಲ. ಓದುವವನಿಗೆ ಪುಟ ತಿರುವಿ ಹಿಂದಕ್ಕೆ ನೋಡುವ ಅನುಕೂಲವುಂಟು, ಕೇಳುವವನಿಗೆ ಅದಿಲ್ಲ. ಆತನು ಒಂದೇ ಸಲ ಕೇಳಿದ್ದನ್ನು ಮನೆಯವರೆಗೆ ಹೊತ್ತೊಯ್ಯಬೇಕು. ಆ ಹೊರೆಯನ್ನು ಹಗುರಾಗಿ, ಬಿಚ್ಚಿಹೋಗದಂತೆ ಕಟ್ಟಿಕೊಡುವದಕ್ಕಾಗಿಯೇ ಈ ಕಟ್ಟು. ಆದಕಾರಣ ಇದರ ಪರೀಕ್ಷೆಯೂ ಒಂದೇ: ಕೇಳಿದವನು ತಿರುಗಿ ಏನನ್ನು ಹೇಳಬಲ್ಲನು?

ಬಾಂಗ್ಲಾದೇಶದಲ್ಲಿ ಇದೇ ಉಪ್ಪು ಸಿಹಿಯ ನೀರನ್ನು ಕಲಿಸಲು ಬ್ರ್ಯಾಕ್ ಎಂಬ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ 1990ರವರೆಗೆ ಮನೆಮನೆಗೆ ಹೋದರು. ಹಾಗೆ ಮುಟ್ಟಿದ ಮನೆಗಳು ಒಂದು ಕೋಟಿಗೂ ಮಿಕ್ಕಿದವು. ಅವರು ಮೊದಲು ಹತ್ತು ಅಂಶಗಳನ್ನು ಹೇಳಿಕೊಡುತ್ತಿದ್ದರು. ಅನುಭವವಾದ ಮೇಲೆ ಅವನ್ನು ಏಳಕ್ಕೆ ಇಳಿಸಿದರು. ಅಲ್ಲಿ ಕಲಿಸುವವಳ ಸಂಬಳವು ಆಕೆ ಎಷ್ಟು ಹೇಳಿದಳೆಂಬುದರ ಮೇಲೆ ನಿಂತಿರಲಿಲ್ಲ. ಕೆಲವು ವಾರಗಳ ತರುವಾಯ ಬೇರೊಬ್ಬರು ಹೋಗಿ ತಾಯಂದಿರನ್ನು ಕೇಳುತ್ತಿದ್ದರು. ತಾಯಿಗೆ ಎಷ್ಟು ನೆನಪುಳಿದಿತ್ತೋ ಅದರಂತೆ ಸಂಬಳ. ಆ ಹೆಣ್ಣುಮಕ್ಕಳು ಮನೆಯೊಳಗೆ ಕುಳಿತು, ಎದುರಿಗಿದ್ದ ತಾಯಿಯ ಕೈಯಿಂದಲೇ ಕಲಸಿಸುತ್ತಿದ್ದರು. ಹಾಗಿದ್ದೂ ಹತ್ತು ಹೆಚ್ಚಾಯಿತೆಂದ ಮೇಲೆ, ಅಂಗಳದಲ್ಲಿ ನಿಂತು ಐದು ನಿಮಿಷ ಕೂಗುವ ನಮಗೆ ಮೂರಕ್ಕಿಂತ ಹೆಚ್ಚಿನ ಅಧಿಕಾರವೆಲ್ಲಿಯದು?

ಇನ್ನು ಕೆಲಸಕ್ಕೆ ಬರೋಣ. ಮೊದಲು ಕಾಲದ ಲೆಕ್ಕ. ನನ್ನ ಮಾತನ್ನು ಗಡಿಯಾರವಿಟ್ಟು ಅಳೆದಾಗ, ತಾಯಂದಿರ ಸಭೆಯಲ್ಲಿ ತಿಳಿಯುವಂತೆ ನಿಧಾನವಾಗಿ ಆಡಿದರೆ ನಿಮಿಷಕ್ಕೆ ಸುಮಾರು 75 ಶಬ್ದಗಳಾದವು. ನಮ್ಮ ಕನ್ನಡದ ಶಬ್ದಗಳು ಪ್ರತ್ಯಯ ಹತ್ತಿ ಉದ್ದವಾಗುವವು. ಇಂಗ್ಲಿಷ್ ಪುಸ್ತಕಗಳಲ್ಲಿ ಕೊಟ್ಟ ನಿಮಿಷದ ಲೆಕ್ಕ ಇಲ್ಲಿ ಹೊಂದುವದಿಲ್ಲ. ತಾವು ತಮ್ಮ ತಮ್ಮ ವೇಗವನ್ನು ಒಂದು ಸಲ ಅಳೆದಿಟ್ಟುಕೊಳ್ಳಬೇಕು. ಐದು ನಿಮಿಷಗಳೆಂದರೆ 300 ಸೆಕೆಂಡುಗಳು. ನಾನು ಅವನ್ನು ಹೀಗೆ ಹಂಚಿದೆನು: ಆರಂಭಕ್ಕೆ 40, ಒಂದೊಂದು ಅಂಶಕ್ಕೆ 70ರಂತೆ 210, ಮುಕ್ತಾಯಕ್ಕೆ 25. ಒಟ್ಟು 275. ಉಳಿದ 25 ಸೆಕೆಂಡುಗಳನ್ನು ಮಾತಿಗೆ ಕೊಡಕೂಡದು. ಕೂಸು ಅಳುವದು, ಯಾರೋ ಎದ್ದು ಹೋಗುವರು, ಒಂದು ಅಂಶ ಮುಗಿದ ಮೇಲೆ ಸುಮ್ಮನೆ ನಿಲ್ಲಬೇಕಾಗುವದು. ಅದೆಲ್ಲ ಅದರಲ್ಲಿಯೇ ಆಗಬೇಕು. ಹೀಗೆ ಲೆಕ್ಕ ಹಾಕಿದರೆ ಬರೆಯತಕ್ಕದ್ದು 340 ಶಬ್ದಗಳಷ್ಟೇ. ನನ್ನ ಹಳೆಯ ಮಾತಿನಲ್ಲಿ ಅಧ್ಯಕ್ಷರ ಸ್ತುತಿ, ವ್ಯವಸ್ಥಾಪಕರ ಉಪಕಾರಸ್ಮರಣೆ, "ನಾನು ಇಷ್ಟು ದೊಡ್ಡ ವಿಷಯಕ್ಕೆ ಅರ್ಹನಲ್ಲ" ಎಂಬ ವಿನಯ, ಇವೇ ಒಂದೂವರೆ ನಿಮಿಷ ನುಂಗಿದ್ದವು.

ಎರಡನೆಯದಾಗಿ, ಬರೆಯುವ ಕ್ರಮ. ಆಡುವಾಗ ಆರಂಭ ಮೊದಲು ಬರುವದು ನಿಜ. ಆದರೆ ಬರೆಯುವಾಗ ಮುಕ್ತಾಯವನ್ನು ಮೊದಲು ಬರೆಯಬೇಕು. ಎಲ್ಲಿ ಮುಟ್ಟಬೇಕೆಂಬುದು ಗೊತ್ತಿಲ್ಲದವನು ಬಂಡಿಯನ್ನು ಹೇಗೆ ಹೂಡುವನು? ಕೇಳಿದವನು ಇಂದು ರಾತ್ರಿ ಏನು ಮಾಡಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ನಾನು ಬರೆದದ್ದು: "ಪೊಟ್ಟಣವಿಲ್ಲದ ಹೊತ್ತಿನಲ್ಲಿ ತಾಯಿಯು ಈ ನೀರನ್ನು ತಪ್ಪದೆ ಕಲಸಿ, ಬಿಡದೆ ಕುಡಿಸಿ, ಸಾಲದಾದಾಗ ದವಾಖಾನೆಗೆ ಓಡಬೇಕು." ಆಮೇಲೆ ನನ್ನ ಹಳೆಯ ಏಳು ಅಂಶಗಳನ್ನು ಈ ವಾಕ್ಯದ ಮುಂದಿಟ್ಟು ಒಂದೊಂದಾಗಿ ಕೇಳಿದೆನು: ಇದನ್ನು ತೆಗೆದರೆ ಆ ತಾಯಿಯ ಕೆಲಸ ಕೆಡುವದೇ?

ಭೇದಿ ಹೇಗೆ ಹರಡುವದೆಂಬುದು ಹೋಯಿತು. ಅದು ಬೇರೊಂದು ದಿನದ ಮಾತು. ಕೈ ತೊಳೆಯುವದು, ಬಾವಿಗೆ ಔಷಧ ಹಾಕುವದು, ಇವೂ ಒಳ್ಳೆಯವೇ. ಆದರೆ ಈಗಾಗಲೇ ಭೇದಿಯಾದ ಕೂಸಿಗೆ ಇವು ಉತ್ತರವಲ್ಲ. ಹತ್ತರಿಂದ ಹದಿನಾಲ್ಕು ದಿನ ಕೊಡುವ ಸತುವಿನ ಗುಳಿಗೆ ಬಹಳ ಉಪಯುಕ್ತವಾದದ್ದು. ಆದರೆ ಅದನ್ನು ಕೊಡುವ ಆರೋಗ್ಯ ಕಾರ್ಯಕರ್ತೆಯೇ ಅದರ ಲೆಕ್ಕ ಹೇಳುವಳು. ಕರುಳಿನಲ್ಲಿ ಸಕ್ಕರೆಯು ಉಪ್ಪನ್ನು ಜೊತೆಗೆ ಎಳೆದುಕೊಂಡು ಒಳಗೆ ಹೋಗುವದು, ಅವುಗಳ ಬೆನ್ನಿಗೆ ನೀರೂ ಹೋಗುವದು ಎಂಬ ಶಾಸ್ತ್ರವು ನನಗೆ ಬಹು ಪ್ರಿಯವಾದ ಭಾಗ. ಅದನ್ನೂ ಬಿಟ್ಟೆನು. ನನಗೆ ಪ್ರಿಯವಾದದ್ದು ಮತ್ತು ಕೇಳುವವನಿಗೆ ಬೇಕಾದದ್ದು ಬೇರೆಯಾದಾಗ, ಬಿಡುವದು ನನ್ನ ಪಾಲಿಗೆ ಬಂದದ್ದು. ಉಳಿದವು ಮೂರು: ಕಲಸುವದು, ಕುಡಿಸುವದು, ಕಣ್ಣಿಡುವದು. ಇವು ಒಂದರ ಬೆನ್ನಿಗೊಂದು ನಡೆಯುವ ಕೆಲಸಗಳಾದ್ದರಿಂದ ಕ್ರಮವು ತಾನಾಗಿ ನೆನಪಿರುವದು. ಮೂರೂ ಒಂದೇ ಅಕ್ಷರದಿಂದ ಆರಂಭವಾದದ್ದು ಅದೃಷ್ಟ; ಕನ್ನಡದಲ್ಲಿ ಸ್ವಲ್ಪ ಹುಡುಕಿದರೆ ಅಂಥ ಅದೃಷ್ಟ ಆಗಾಗ ಸಿಕ್ಕುವದು.

ಈಗ ಆರಂಭ. ಕೇಳುವವನು ಸಭೆಗೆ ಬಂದಾಗ ಅವನ ಮನಸ್ಸು ಇನ್ನೂ ಮನೆಯಲ್ಲಿಯೇ ಇರುವದು. ಅದನ್ನು ಒಂದು ಕೊಕ್ಕೆ ಹಾಕಿ ಎಳೆಯಬೇಕು. ಆದರೆ ಆ ಕೊಕ್ಕೆಯು ಮಾತಿಗೇ ಕಟ್ಟಿದ್ದಾಗಿರಬೇಕು. ನಗೆಹನಿಯೊಂದನ್ನು ಹೇಳಿ ಆಮೇಲೆ "ಇರಲಿ, ವಿಷಯಕ್ಕೆ ಬರೋಣ" ಎಂದರೆ ಕೊಕ್ಕೆ ಒಂದು ಕಡೆ, ಮೀನು ಒಂದು ಕಡೆ. ಕಣ್ಣಿಗೆ ಕಾಣುವ ಒಂದು ವಸ್ತು ಎಲ್ಲಕ್ಕಿಂತ ಒಳ್ಳೆಯ ಕೊಕ್ಕೆ. ನಾನು ಆರಿಸಿದ್ದು ಚಹದ ಚಮಚ. ಆರಂಭವನ್ನು ಹೀಗೆ ಬರೆದೆನು:

"ತಾಯಂದಿರೇ, ಈ ಚಮಚವನ್ನು ನೋಡಿರಿ. ನಿಮ್ಮ ಮನೆಯ ಚಮಚದಂಥದೇ. ಹಿಂದೊಮ್ಮೆ ಬಂಗಾಲದ ಗಡಿಯಲ್ಲಿ ಊರು ಬಿಟ್ಟು ಬಂದ ಜನರ ಶಿಬಿರಕ್ಕೆ ಕಾಲರಾ ಬಂತು. ಮೈಗೆ ಏರಿಸುವ ಸಲಾಯಿನ್ ಬಾಟಲಿಗಳು ಸಾಲದಾದವು. ಆಗ ಡಾಕ್ಟರರೊಬ್ಬರು ಉಪ್ಪು ಬೆರೆತ ಸಿಹಿನೀರನ್ನು ಪೀಪಾಯಿಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರ ಕೈಗೇ ಬಟ್ಟಲು ಕೊಟ್ಟರು. ಸಾಯುತ್ತಿದ್ದವರಲ್ಲಿ ಬಹುಜನ ಬದುಕಿದರು. ಆ ಕೆಲಸವನ್ನು ಈ ಚಮಚದಿಂದ ನೀವೂ ಮಾಡಬಲ್ಲಿರಿ. ಅದಕ್ಕೆ ಮೂರೇ ಮಾತು: ಕಲಸು, ಕುಡಿಸು, ಕಣ್ಣಿಡು."

ತಮಗೆ ತಿಳಿದಿರಬಹುದು, ಇದು ನಡೆದದ್ದು 1971ರಲ್ಲಿ, ಬನಗಾಂವ್ ಎಂಬಲ್ಲಿ. ಆ ಡಾಕ್ಟರರು ದಿಲೀಪ ಮಹಾಲನೊಬಿಸ್. ಅವರು ಬಳಸಿದ್ದು ಗ್ಲುಕೋಸು, ಉಪ್ಪು ಮತ್ತು ಅಡಿಗೆ ಸೋಡಾ. ಅಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇಷ್ಟು ಒಳ್ಳೆಯ ಅಂಕಿಗಳನ್ನು ನಾನು ಏಕೆ ಬಿಟ್ಟೆನೆಂದು ತಾವು ಕೇಳಬಹುದು. ಹಳೆಯ ಮಾತನ್ನು ಓದಿ ಎಣಿಸಿದಾಗ ಅದರಲ್ಲಿ ಬೇರೆ ಬೇರೆ ಒಂಬತ್ತು ಅಂಕಿಗಳಿದ್ದವು. ಒಂಬತ್ತು ಅಂಕಿಗಳ ಸಂತೆಯಲ್ಲಿ ಆ ಮುದುಕಿಯು ಆರನ್ನೂ ಅರ್ಧವನ್ನೂ ಬೇರೆಬೇರೆ ಹಿಡಿದಿಟ್ಟುಕೊಳ್ಳಬೇಕಾಗಿತ್ತು. ಅದಲ್ಲದೆ ನಮ್ಮ ನುಡಿಯಲ್ಲಿ "ಆರು" ಮತ್ತು "ಅರ್ಧ" ಕಿವಿಗೆ ಅಕ್ಕತಂಗಿಯರಂತೆ ಕೇಳುವವು. ನಾನು ಅವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೆನು. ಆದಕಾರಣ ಹೊಸ ಮಾತಿನಲ್ಲಿ ಅಳತೆಯ ಅಂಕಿಗಳನ್ನು ಒಂದು, ಆರು, ಅರ್ಧ ಇವಿಷ್ಟಕ್ಕೇ ನಿಲ್ಲಿಸಿದೆನು. ಸಕ್ಕರೆಯನ್ನು ಎಣಿಸಿ ತೋರಿಸುವದು, ಉಪ್ಪನ್ನು ರುಚಿಯಿಂದ ಅಳೆಯಿಸುವದು ಎಂದು ಗೊತ್ತುಮಾಡಿದೆನು. ಮೊದಲನೆಯ ಅಂಶ ಹೀಗಾಯಿತು:

"ಮೊದಲನೆಯದು ಕಲಸುವದು. ದವಾಖಾನೆಯ ಓ.ಆರ್.ಎಸ್. ಪೊಟ್ಟಣವಿದ್ದರೆ ಅದೇ ಒಳ್ಳೆಯದು. ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಸುರಿಯಿರಿ. ಇಲ್ಲದಿದ್ದರೆ, ಕುದಿಸಿ ಆರಿಸಿದ ನೀರು ಒಂದು ಲೀಟರು. ಇದೋ, ಈ ಬಾಟಲಿಯ ತುಂಬ. ಅದಕ್ಕೆ ಸಕ್ಕರೆ. ನನ್ನೊಡನೆ ಎಣಿಸಿರಿ: ಒಂದು, ಎರಡು, ಮೂರು, ನಾಲ್ಕು, ಐದು, ಆರು. ಚಮಚದ ಅಂಚಿಗೆ ಸಮನಾಗಿ, ಮೇಲೆ ಗೋಪುರವಿಲ್ಲದೆ. ಸಕ್ಕರೆಯ ಡಬ್ಬಿ ಮುಚ್ಚಿದೆನು. ಇನ್ನು ಉಪ್ಪು. ಉಪ್ಪು ಬರೀ ಅರ್ಧ ಚಮಚ. ಚೆನ್ನಾಗಿ ಕಲಸಿ, ಕೂಸಿಗೆ ಕೊಡುವ ಮೊದಲು ನೀವೇ ರುಚಿ ನೋಡಿರಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿರಿ, ಹೊಸದಾಗಿ ಕಲಸಿರಿ. ಇಂದು ಕಲಸಿದ್ದು ನಾಳೆಗೆ ಬೇಡ."

ಇಲ್ಲಿ ಸಕ್ಕರೆಯ ಡಬ್ಬಿಯನ್ನು ಮುಚ್ಚಿದ ಶಬ್ದ ಕೇಳುವವರೆಗೆ ಉಪ್ಪಿನ ಹೆಸರನ್ನೇ ಎತ್ತಬಾರದು. ಆ ಒಂದು ಗಳಿಗೆಯ ಮೌನಕ್ಕಾಗಿಯೇ ನಾನು ಮೊದಲು 25 ಸೆಕೆಂಡು ಕಾದಿರಿಸಿದ್ದು. ಚಮಚವು 5 ಮಿಲಿಲೀಟರು ಹಿಡಿಯುವ ಚಹದ ಚಮಚವಾಗಿರಬೇಕು, ಅನ್ನ ಬಡಿಸುವದಲ್ಲ. ಅದನ್ನು ಬಾಯಿಂದ ಹೇಳುವ ಬದಲು ಚಮಚವನ್ನೇ ತೋರಿಸಿದರೆ ಒಂದು ವಾಕ್ಯ ಉಳಿಯುವದು.

ಎರಡನೆಯ ಅಂಶಕ್ಕೆ ಬಂದಾಗ ಕೇಳುವವರ ಮನದಲ್ಲಿ ಒಂದು ವಿರೋಧವಿರುವದು: ಭೇದಿಯಾದ ಕೂಸಿಗೆ ನೀರು ಕೊಟ್ಟರೆ ಇನ್ನೂ ಹೆಚ್ಚು ಹೋಗುವದಲ್ಲವೇ? ಹಾಗೆ ಅಂಜುವವರಿಗೆ ಬರೀ ವಿಧಿಯನ್ನು ಹೇಳಿದರೆ ತಲೆಯಾಡಿಸಿ ಎದ್ದುಹೋಗುವರು. ಆದ್ದರಿಂದ ಅಂಶದ ತಲೆಗೆ ಆ ಅಂಜಿಕೆಯನ್ನೇ ಇಟ್ಟು, ಒಂದೇ ವಾಕ್ಯದಲ್ಲಿ ಉತ್ತರ ಕೊಡಬೇಕು.

"ಎರಡನೆಯದು ಕುಡಿಸುವದು. ನೀರು ಕೊಟ್ಟರೆ ಭೇದಿ ಹೆಚ್ಚುವದೆಂದು ಅಂಜಿಕೆಯೇ? ಕೂಸನ್ನು ಕೊಲ್ಲುವದು ಭೇದಿಯೊಡನೆ ಹರಿದುಹೋಗುವ ನೀರು ಮತ್ತು ಉಪ್ಪು. ಹೋದದ್ದನ್ನು ತಿರುಗಿ ತುಂಬಬೇಕು. ಪ್ರತಿಸಲ ಭೇದಿಯಾದ ಮೇಲೆ ಈ ಚಹದ ಬಟ್ಟಲಿನಿಂದ ಒಂದು ಬಟ್ಟಲು, ಚಮಚ ಚಮಚವಾಗಿ, ಅವಸರವಿಲ್ಲದೆ. ವಾಂತಿಯಾಯಿತೇ? ಸ್ವಲ್ಪ ಹೊತ್ತು ತಡೆದು ಮತ್ತೆ ಆರಂಭಿಸಿರಿ, ಇನ್ನೂ ನಿಧಾನವಾಗಿ. ಮೊಲೆಹಾಲು ನಿಲ್ಲಿಸಬೇಡಿರಿ. ಉಣ್ಣುವ ಕೂಸಿಗೆ ಮೆತ್ತಗಿನ ಅನ್ನವನ್ನೂ ನಿಲ್ಲಿಸಬೇಡಿರಿ. ಈ ನೀರು ಭೇದಿಯನ್ನು ಕೂಡಲೆ ನಿಲ್ಲಿಸುವದಿಲ್ಲ. ಭೇದಿ ನಿಲ್ಲುವವರೆಗೆ ಕೂಸನ್ನು ಉಳಿಸುವದು."

ವೈದ್ಯರ ಪುಸ್ತಕದಲ್ಲಿ ಎರಡು ವರ್ಷದೊಳಗಿನ ಕೂಸಿಗೆ 50ರಿಂದ 100 ಮಿಲಿಲೀಟರು, ಅದಕ್ಕೆ ಮೇಲ್ಪಟ್ಟ ಮಗುವಿಗೆ 100ರಿಂದ 200 ಮಿಲಿಲೀಟರು ಎಂದಿದೆ. ನಾನು ತಂದ ಬಟ್ಟಲು 100 ಹಿಡಿಯುವದು; ಅದು ಎರಡು ಅಳತೆಗಳಿಗೂ ಸಲ್ಲುವದು. ಸತ್ಯವನ್ನು ಕೆಡಿಸದೆ ನಾಲ್ಕು ಅಂಕಿಗಳನ್ನು ಒಂದು ಬಟ್ಟಲಲ್ಲಿ ಅಡಗಿಸಬಹುದಾದಾಗ ಅಡಗಿಸಲೇಬೇಕು. ಕೊನೆಯ ವಾಕ್ಯವು ಬಹು ಮುಖ್ಯವಾದದ್ದು. ಅದನ್ನು ಹೇಳದಿದ್ದರೆ ತಾಯಿಯು ಎರಡು ಸಲ ಕುಡಿಸಿ, ಭೇದಿ ನಿಲ್ಲಲಿಲ್ಲವೆಂದು ಬಟ್ಟಲನ್ನು ಕೆಳಗಿಡುವಳು. ತಾನು ಹೇಳಿದ ಉಪಾಯವು ಏನನ್ನು ಮಾಡಲಾರದೆಂಬುದನ್ನು ಹೇಳುವವನ ಮಾತನ್ನು ಜನ ಹೆಚ್ಚು ನಂಬುವರು.

ಮೂರನೆಯ ಅಂಶದಲ್ಲಿ ನನಗೆ ಬಹಳ ಕಷ್ಟವಾಯಿತು. ಅಪಾಯದ ಗುರುತುಗಳು ಅನೇಕ; ಅವನ್ನು ಪಟ್ಟಿ ಮಾಡಿ ಓದಿದರೆ ಮೂರನೆಯದು ಬರುವಾಗ ಮೊದಲನೆಯದು ಮರೆತಿರುವದು. ಕಡೆಗೆ ನಾನು ಕೂಸಿನ ಮೈಯನ್ನೇ ಪಟ್ಟಿಯಾಗಿ ಮಾಡಿಕೊಂಡು, ತಲೆಯಿಂದ ಕೆಳಗೆ ಕೈ ಇಳಿಸುತ್ತ ಹೋಗುವದೆಂದು ನಿಶ್ಚಯಿಸಿದೆನು. ಮರೆತವಳು ಕೂಸನ್ನು ನೋಡಿದರೆ ಸಾಕು, ಮಾತು ತಾನೇ ನೆನಪಾಗುವದು.

"ಮೂರನೆಯದು ಕಣ್ಣಿಡುವದು. ಮನೆಯ ನೀರು ಸಾಲದ ಹೊತ್ತೂ ಉಂಟು. ಅದನ್ನು ಕೂಸಿನ ಮೈಯೇ ಹೇಳುತ್ತದೆ. ಮೇಲಿನಿಂದ ಕೆಳಗೆ ನೋಡುತ್ತ ಬನ್ನಿರಿ. ಕಣ್ಣು: ಗುಳಿ ಬಿದ್ದಿದೆಯೇ, ಕರೆದರೆ ತೆರೆಯದೆ ಮಂಕಾಗಿದೆಯೇ? ಬಾಯಿ: ಕುಡಿಯಲಾರದೇ, ಕುಡಿದದ್ದನ್ನೆಲ್ಲ ಕಾರುವದೇ? ಹೊಟ್ಟೆ: ಚರ್ಮವನ್ನು ಚಿವುಟಿ ಬಿಟ್ಟರೆ ಕೂಡಲೆ ಸಮವಾಗದೆ ಮಡಿಕೆ ನಿಲ್ಲುವದೇ? ಇನ್ನೂ ಕೆಳಗೆ: ಮಲದಲ್ಲಿ ರಕ್ತವಿದೆಯೇ? ಇವುಗಳಲ್ಲಿ ಒಂದು ಕಂಡರೂ, ಇಲ್ಲವೆ ಭೇದಿಯಾದದ್ದು ತೀರ ಎಳೆಗೂಸಿಗಾದರೂ, ಬೆಳಗಾಗಲೆಂದು ಕಾಯಬೇಡಿರಿ. ದವಾಖಾನೆಗೆ ಒಯ್ಯಿರಿ. ಕೂಸು ಕುಡಿಯಬಲ್ಲುದಾದರೆ ದಾರಿಯಲ್ಲಿಯೂ ಕುಡಿಸುತ್ತ ಹೋಗಿರಿ."

ಇನ್ನು ಮುಕ್ತಾಯ. ಇಲ್ಲಿ ನಾವು ಮಾಡುವ ತಪ್ಪುಗಳು ಎರಡು. ಮೊದಲನೆಯದು, ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳುವದು. ಅರ್ಧ ಗಂಟೆಯ ವ್ಯಾಖ್ಯಾನಕ್ಕೆ ಅದು ಬೇಕಾದೀತು, ಐದು ನಿಮಿಷಕ್ಕೆ ಬೇಡ. ಎರಡನೆಯದು, "ಕೊನೆಯದಾಗಿ ಒಂದು ಮಾತು" ಎಂದು ಹೇಳಿ ನಾಲ್ಕನೆಯ ಅಂಶವೊಂದನ್ನು ಹಿಂಬಾಗಿಲಿನಿಂದ ಒಳಗೆ ಬಿಡುವದು. "ಕೊನೆಯದಾಗಿ" ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ಜನ ಚೀಲ ಹುಡುಕುವರು. ಆಮೇಲೆ ಬಂದದ್ದು ಮಣ್ಣುಪಾಲು. ಮುಕ್ತಾಯವು ಆರಂಭದ ವಸ್ತುವಿಗೆ ತಿರುಗಿ ಬರಬೇಕು, ಒಂದು ಕೆಲಸವನ್ನು ಕೈಗೆ ಕೊಡಬೇಕು, ಒಂದೇ ಉಸಿರಿನಲ್ಲಿ ಆಡುವಂತಿರಬೇಕು. ಮತ್ತು ಕೇಳಿದವನು ಅದನ್ನೊಂದನ್ನೇ ನೆನಪಿಟ್ಟರೂ ಕೇಡಾಗಬಾರದು. ನನ್ನ ಮೊದಲಿನ ಕರಡಿನಲ್ಲಿ "ಸಕ್ಕರೆ ಆರು, ಉಪ್ಪು ಅರ್ಧ" ಎಂದಿತ್ತು. ಕೇಳಲು ಚಂದ, ಆದರೆ ತಿರುವುಮುರುವಾದರೂ ಅಷ್ಟೇ ಚಂದ, ಅದೇ ಅದರ ಅಪಾಯ. ತಿರುಗಿಸಿದರೆ ಅರ್ಥ ಕೆಟ್ಟು ಕಿವಿಗೆ ಒಡಕಾಗಿ ಕೇಳುವಂಥ ವಾಕ್ಯ ಬೇಕಾಗಿತ್ತು. ಮೂರು ದಿನ ಹುಡುಕಿದ ಮೇಲೆ ದೊರೆಯಿತು:

"ಇಂದು ಮನೆಗೆ ಹೋದೊಡನೆ ಇಂಥದೊಂದು ಚಮಚವನ್ನು ಸಕ್ಕರೆಯ ಡಬ್ಬಿಯಲ್ಲಿ ಹಾಕಿಡಿರಿ. ನಡುರಾತ್ರಿ ಕೂಸಿಗೆ ಭೇದಿಯಾದರೆ ಅದೇ ನಿಮಗೆ ಈ ಮಾತನ್ನು ನೆನಪಿಸಲಿ: ಸಕ್ಕರೆ ಎಣಿಸಿ ಹಾಕಿರಿ, ಉಪ್ಪು ಅಂಜಿ ಹಾಕಿರಿ."

ಇಷ್ಟು ಹೇಳಿ ಕುಳಿತುಬಿಡಬೇಕು. "ಇಷ್ಟು ಹೇಳಿ ನನ್ನ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ" ಎಂದು ಸೇರಿಸಿದರೆ, ಜನರ ಕಿವಿಯಲ್ಲಿ ಕೊನೆಗೆ ಉಳಿಯುವದು ಉಪ್ಪಲ್ಲ, ನಮ್ಮ ನಾಲ್ಕು ಮಾತು.

ಬರೆದಾದ ಮೇಲೆ ಅದನ್ನು ಓದಬಾರದು, ಕಂಠಪಾಠವನ್ನೂ ಮಾಡಬಾರದು. ಓದಿದರೆ ಕಣ್ಣು ಕಾಗದದಲ್ಲಿರುವದು. ಕಂಠಪಾಠವಾದರೆ ಒಂದು ಶಬ್ದ ಮರೆತಾಗ ಎಲ್ಲವೂ ನಿಲ್ಲುವದು. ಆರಂಭದ ಎರಡು ವಾಕ್ಯ ಮತ್ತು ಮುಕ್ತಾಯ, ಇವಿಷ್ಟನ್ನು ಮಾತ್ರ ಶಬ್ದಶಃ ಕಲಿಯಬೇಕು. ನಡುವಿನದಕ್ಕೆ ಒಂದು ಚೀಟಿಯ ಮೇಲೆ ಮೂರು ಶಬ್ದಗಳು ಸಾಕು. ನಿಂತುಕೊಂಡು, ಗಟ್ಟಿಯಾಗಿ, ಡಬ್ಬಿ ಚಮಚಗಳನ್ನು ಕೈಯಲ್ಲಿ ಹಿಡಿದು, ಗಡಿಯಾರವಿಟ್ಟು ಮೂರು ಸಲ ಆಡಿ ನೋಡಬೇಕು. ಮನಸ್ಸಿನಲ್ಲಿ ಆಡಿದ ಮಾತು ಯಾವಾಗಲೂ ಬೇಗ ಮುಗಿಯುವದು. ಅದರ ಲೆಕ್ಕವನ್ನು ನಂಬಬಾರದು.

ಅಧ್ಯಕ್ಷರು ನಡುವೆ ಚೀಟಿ ಕಳಿಸಿ "ಎರಡೇ ನಿಮಿಷ" ಎಂದರೆ ಏನು ಮಾಡಬೇಕೆಂಬುದನ್ನೂ ಮನೆಯಲ್ಲಿಯೇ ಗೊತ್ತುಮಾಡಿರಬೇಕು. ಆಗ ಬಂಗಾಲದ ಕಥೆ ಹೋಗಲಿ, ಕಲಸಿ ತೋರಿಸುವದು ಉಳಿಯಲಿ. ಅಂಜಿಕೆಯ ಉತ್ತರವು ಒಂದು ವಾಕ್ಯವಾಗಲಿ. ಮೂರು ಅಂಶಗಳಲ್ಲಿ ಯಾವದನ್ನೂ ಬಿಡದೆ, ಒಂದೊಂದನ್ನೂ ತೆಳ್ಳಗೆ ಮಾಡಬೇಕು. ಕಣ್ಣಿಡುವದನ್ನು ಬಿಟ್ಟು ಕಲಸುವದನ್ನಷ್ಟೇ ಕಲಿಸಿದರೆ, ದವಾಖಾನೆಗೆ ಒಯ್ಯಬೇಕಾದ ಕೂಸನ್ನು ಮನೆಯಲ್ಲಿಯೇ ಉಳಿಸಿಕೊಂಡಂತಾಗುವದು. ಮುಕ್ತಾಯದ ವಾಕ್ಯವನ್ನಂತೂ ಯಾವ ಕಾರಣಕ್ಕೂ ಬಿಡಕೂಡದು.

ಈ ಕಟ್ಟಿನ ಎಲ್ಲೆಯನ್ನೂ ಹೇಳಬೇಕು. ಐದು ನಿಮಿಷದ ಮಾತು ಒಂದು ಕೆಲಸವನ್ನು ಕಲಿಸಬಲ್ಲುದು, ಒಂದು ನಿರ್ಣಯಕ್ಕೆ ಜನರನ್ನು ಕರೆಯಬಲ್ಲುದು. ಒಂದು ಶಾಸ್ತ್ರವನ್ನು ಕಲಿಸಲಾರದು. ಮೊದಲೇ ಎದುರು ನಿಂತವನ ಮನಸ್ಸನ್ನು ಒಲಿಸಿಕೊಳ್ಳಲಾರದು. ನಿಮ್ಮ ವಿಷಯದಲ್ಲಿ ನಾಲ್ಕು ಅಂಶಗಳು ಬಿಡಲಾಗದಂತೆ ಉಳಿದರೆ, ಅದು ಎರಡು ಮಾತುಗಳ ವಿಷಯವೆಂದು ತಿಳಿದು ಇನ್ನೊಂದು ದಿನವನ್ನು ಬೇಡಿಕೊಳ್ಳಿರಿ.

ಮರುವರ್ಷ ಅದೇ ಅಂಗಳದಲ್ಲಿ ನಾನು ಈ ಹೊಸ ಮಾತನ್ನು ಆಡಿದೆನು. ಗಡಿಯಾರದಂತೆ ನಾಲ್ಕು ನಿಮಿಷ ಐವತ್ತು ಸೆಕೆಂಡು. ಚಪ್ಪಾಳೆ ಹೋದ ವರ್ಷಕ್ಕಿಂತ ಕಡಿಮೆ. "ಬಹಳ ಚಂದ ಮಾತಾಡಿದಿರಿ" ಎಂದು ಯಾರೂ ಹೇಳಲಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು. ಸಭೆ ಮುಗಿದ ಮೇಲೆ ನಾನೇ ಹೋಗಿ, ದೂರದ ಸಾಲಿನಲ್ಲಿ ಕುಳಿತ ಮೂವರನ್ನು "ಏನು ಕೇಳಿದಿರಿ, ಹೇಳಿರಿ" ಎಂದು ಕೇಳಿದೆನು. ಇಬ್ಬರು ಮೂರನ್ನೂ ಹೇಳಿದರು. ಮೂರನೆಯಾಕೆ ಹೊಟ್ಟೆಯ ಚರ್ಮ ಚಿವುಟುವದನ್ನು ಮರೆತಿದ್ದಳು. ಆ ಭಾಗವನ್ನು ಮುಂದೆ ಗೊಂಬೆಯೊಂದರ ಮೇಲೆ ಮಾಡಿ ತೋರಿಸತೊಡಗಿದೆನು.

ಅಷ್ಟರಲ್ಲಿ ಹಿಂದಿನ ವರ್ಷದ ಆ ಮುದುಕಿ, ಕೈಹಿಡಿದ ಮೊಮ್ಮಗಳೊಡನೆ ಬಾಗಿಲು ದಾಟುತ್ತಿದ್ದಳು. ನಾನು ಕೇಳದೆಯೇ ಆಕೆ ತಿರುಗಿ ನಕ್ಕು ಹೇಳಿದಳು: "ಈಗ ತಿಳೀತ್ರಿ ಮಾಸ್ತರ. ಸಕ್ಕರಿ ಎಣಿಸಿ ಹಾಕಬೇಕು, ಉಪ್ಪು ಅಂಜಿ ಹಾಕಬೇಕು."